ಹಾಸ್ಟೆಲ್ ಊಟದ ಲೆಕ್ಕಕ್ಕೆ ಇನ್ನೊಂದು ಸಾಲು ಸೇರಿಸಿ: ಕಲಬುರಗಿ ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಹಾಗೂ ಜಿಲ್ಲೆಯ ವಿದ್ಯಾರ್ಥಿನಿಲಯಗಳ ಊಟದ ಪ್ರಮಾಣ ಪಟ್ಟಿ ನೋಡಿಕೊಳ್ಳುವ ಎಲ್ಲ ಅಧಿಕಾರಿಗಳಿಗೆ,

ನಮಸ್ಕಾರ. ನಾನು ಕಲಬುರಗಿಯ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುತ್ತೇನೆ. ಲೀನಿಯರ್ ಪ್ರೋಗ್ರಾಮಿಂಗ್, ಅಂದರೆ ಹಾಕಿದ ಗುರಿ, ಮಿತಿಗಳೊಳಗೆ ಅತಿ ಕಡಿಮೆ ಖರ್ಚಿನ ಉತ್ತರ ಹುಡುಕುವ ಗಣಿತ, ನನ್ನ ವಿಷಯ. ನನ್ನ ವಿದ್ಯಾರ್ಥಿಗಳಲ್ಲಿ ಬಹಳ ಜನ ಹಾಸ್ಟೆಲಿನಲ್ಲಿದ್ದು ಓದುತ್ತಾರೆ. ಕಡಿಮೆ ಖರ್ಚಿನ ಊಟದ ಲೆಕ್ಕವನ್ನು ಕ್ಲಾಸಿನಲ್ಲಿ ಮಾಡಿಸುವಾಗ ಒಬ್ಬ ಹುಡುಗಿ ಎದ್ದು ಕೇಳಿದಳು: "ಲೆಕ್ಕದಾಗ ಪ್ರೋಟೀನ್ ಜಾಸ್ತಿನೇ ಬರ್ತದ್ರಿ ಸರ್. ಮತ್ತ ನಮ್ಮ ಸಾರಿನಾಗ ಬ್ಯಾಳಿ ಎಲ್ಲದರಿ?" ಪ್ರಶ್ನೆ ಸರಿಯಾಗಿಯೇ ಇದೆ. ಅದಕ್ಕೆ ಉತ್ತರವೂ ಆ ಲೆಕ್ಕದಲ್ಲೇ ಇದೆ. ಆ ಉತ್ತರವನ್ನು ನಿಮ್ಮ ಮುಂದೆ ಇಡಲು ಈ ಪತ್ರ ಬರೆಯುತ್ತಿದ್ದೇನೆ.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಊಟದ ಪಟ್ಟಿಗೆ "ಇಷ್ಟು ಕ್ಯಾಲರಿ, ಇಷ್ಟು ಪ್ರೋಟೀನ್" ಅಂತ ಎರಡೇ ಗುರಿ ಇಟ್ಟರೆ, ಬರೀ ಜೋಳ ಅಥವಾ ಬರೀ ಅಕ್ಕಿ ಹಾಕಿದರೂ ಕಾಗದದ ಮೇಲೆ ಎರಡೂ ಗುರಿ ಮುಟ್ಟುತ್ತವೆ. ಬೇಳೆ ಬೇಕೇ ಆಗುವುದಿಲ್ಲ. ಪ್ರೋಟೀನಿನ ಒಂದು ಅಂಶವಾದ ಲೈಸಿನ್‌ಗೆ ಅಂತ ಒಂದು ಸಾಲು ಸೇರಿಸಿದ ಕ್ಷಣ ಲೆಕ್ಕ ಬೇಳೆಯನ್ನು ಕೇಳತೊಡಗುತ್ತದೆ. ಆ ಸಾಲನ್ನು ದಯವಿಟ್ಟು ಸೇರಿಸಿ ಅನ್ನುವುದೇ ನನ್ನ ವಿನಂತಿ.

ಇದು ಹೊಸ ಲೆಕ್ಕವೇನಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ 77 ಆಹಾರ ಪದಾರ್ಥ, 9 ಪೋಷಕಾಂಶ ಇಟ್ಟುಕೊಂಡು ಒಬ್ಬ ಮನುಷ್ಯನ ವರ್ಷದ ಅತಿ ಅಗ್ಗದ ಊಟ ಎಷ್ಟಾಗುತ್ತದೆ ಅಂತ ಕೇಳಿದರು. ಆಗ ಇದಕ್ಕೆ ಸರಿಯಾದ ವಿಧಾನವೇ ಇರಲಿಲ್ಲ. ಅವರು ಅಂದಾಜಿನಿಂದ ಹುಡುಕಿ, 1939ರ ಬೆಲೆಯಲ್ಲಿ ವರ್ಷಕ್ಕೆ 39.93 ಡಾಲರ್ ಅಂದರು. ಎರಡು ವರ್ಷದ ನಂತರ ಜಾರ್ಜ್ ಡಾಂಟ್ಜಿಗ್ ಕಂಡುಹಿಡಿದ ಸಿಂಪ್ಲೆಕ್ಸ್ ವಿಧಾನದಲ್ಲಿ ಜ್ಯಾಕ್ ಲೇಡರ್ಮನ್ ಎಂಬುವವರು ಇದೇ ಲೆಕ್ಕ ಮಾಡಿಸಿದರು. ಮೇಜಿನ ಮೇಲಿನ ಕ್ಯಾಲ್ಕ್ಯುಲೇಟರ್ ಹಿಡಿದು ಒಂಬತ್ತು ಗುಮಾಸ್ತರು ಕೂತು ಮಾಡಿದ ಕೆಲಸ ಅದು. ಒಟ್ಟು 120 ಆಳುದಿನ ಹಿಡಿಯಿತು. ಉತ್ತರ 39.69 ಡಾಲರ್. ಇವತ್ತು ನಿಮ್ಮ ಕಚೇರಿಯ ಯಾವ ಕಂಪ್ಯೂಟರಿನಲ್ಲಾದರೂ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಲೆಕ್ಕ ಬಿಡಿಸುವ ಕಷ್ಟ ಈಗಿಲ್ಲ. ಯಾವ ಸಾಲುಗಳನ್ನು ಬರೆಯಬೇಕು ಅನ್ನುವುದೇ ಈಗಿನ ಪ್ರಶ್ನೆ.

ನಮ್ಮ ಊರಿನದೇ ಉದಾಹರಣೆ ತೆಗೆದುಕೊಳ್ಳೋಣ. 16ರಿಂದ 18 ವರ್ಷದ ಹೆಣ್ಣುಮಕ್ಕಳ ಹಾಸ್ಟೆಲ್ ಅಂದುಕೊಳ್ಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2020ರಲ್ಲಿ ಕೊಟ್ಟ ಪ್ರಮಾಣದ ಪ್ರಕಾರ ಈ ವಯಸ್ಸಿನ ಹುಡುಗಿಗೆ ದಿನಕ್ಕೆ 2500 ಕಿಲೋಕ್ಯಾಲರಿ ಶಕ್ತಿ, 46 ಗ್ರಾಂ ಪ್ರೋಟೀನ್ ಬೇಕು. ಪದಾರ್ಥಗಳು ಆರು: ಜೋಳ, ಅಕ್ಕಿ, ತೊಗರಿಬೇಳೆ, ಕಡಲೆಬೇಳೆ, ಶೇಂಗಾ, ಎಣ್ಣೆ. ಬೆಲೆಯನ್ನು ಉದಾಹರಣೆಗೆ ಅಂತ ಕಿಲೋಗೆ ಕ್ರಮವಾಗಿ 40, 50, 130, 90, 140, 150 ರೂಪಾಯಿ ಇಟ್ಟಿದ್ದೇನೆ. ನಿಮ್ಮ ಟೆಂಡರಿನ ದರ ಬೇರೆ ಇದ್ದರೆ ಆ ಅಂಕಿ ಹಾಕಿ, ವಿಧಾನ ಬದಲಾಗುವುದಿಲ್ಲ.

ಕೆಳಗೆ J ಅಂದರೆ ಜೋಳ, R ಅಕ್ಕಿ, T ತೊಗರಿಬೇಳೆ, C ಕಡಲೆಬೇಳೆ, G ಶೇಂಗಾ, E ಎಣ್ಣೆ. ಎಲ್ಲವೂ 100 ಗ್ರಾಂ ಲೆಕ್ಕದಲ್ಲಿವೆ. ಮೊದಲ ಸಾಲು ಕನಿಷ್ಠ ಮಾಡಬೇಕಾದ ಖರ್ಚು, ಎರಡನೆಯದು ಶಕ್ತಿ, ಮೂರನೆಯದು ಪ್ರೋಟೀನ್.

```
min  4J + 5R + 13T + 9C + 14G + 15E
334J + 356R + 331T + 329C + 520G + 900E >= 2500
10J + 7.9R + 21.7T + 21.5C + 23.6G >= 46
J, R, T, C, G, E >= 0
```

ಇದನ್ನು ಬಿಡಿಸಲು ಕಂಪ್ಯೂಟರೂ ಬೇಡ. ಒಂದು ರೂಪಾಯಿಗೆ ಅತಿ ಹೆಚ್ಚು ಕ್ಯಾಲರಿ ಕೊಡುವುದು ಜೋಳ. ಬರೀ ಜೋಳ ತಿಂದರೆ 2500 ಕ್ಯಾಲರಿಗೆ 748 ಗ್ರಾಂ ಬೇಕು. ಖರ್ಚು 30 ರೂಪಾಯಿ. ಅಷ್ಟು ಜೋಳದಲ್ಲಿ ಸುಮಾರು 75 ಗ್ರಾಂ ಪ್ರೋಟೀನ್ ಇದೆ. ಬೇಕಾಗಿದ್ದದ್ದು 46. ಅಂದರೆ ಪ್ರೋಟೀನ್ ಸಾಲು ಲೆಕ್ಕದಲ್ಲಿ ಏನೂ ಕೆಲಸ ಮಾಡುತ್ತಿಲ್ಲ. ಅದನ್ನು ಅಳಿಸಿಹಾಕಿದರೂ ಉತ್ತರ ಅದೇ. ಕ್ಯಾಲರಿ ಸಾಲು ಒಂದೇ ಎಲ್ಲವನ್ನೂ ತೀರ್ಮಾನಿಸುತ್ತಿದೆ.

ಒಂದು ರೊಟ್ಟಿಗೆ 50–60 ಗ್ರಾಂ ಹಿಟ್ಟು ಹಿಡಿದರೆ 748 ಗ್ರಾಂ ಅಂದರೆ ದಿನಕ್ಕೆ ಹದಿಮೂರು ರೊಟ್ಟಿ. ಪಲ್ಯ ಇಲ್ಲ, ಬೇಳೆ ಇಲ್ಲ. ಯಾರೂ ಇದನ್ನು ಬಡಿಸುವುದಿಲ್ಲ ನಿಜ. ಆದರೆ ಎರಡೇ ಗುರಿ ಇಟ್ಟುಕೊಂಡು ಖರ್ಚು ಇಳಿಸುತ್ತಾ ಹೋದರೆ ಪ್ರತಿ ತಟ್ಟೆಯೂ ಈ ದಿಕ್ಕಿಗೇ ಜಾರುತ್ತದೆ. ಧಾನ್ಯ ಏರುತ್ತದೆ, ಬೇಳೆ ಇಳಿಯುತ್ತದೆ, ಪ್ರೋಟೀನಿನ ಕಾಲಂ ಮಾತ್ರ "ಸಾಕಷ್ಟಿದೆ" ಅನ್ನುತ್ತಲೇ ಇರುತ್ತದೆ. ಹುಡುಗಿ ಕೇಳಿದ ಪ್ರಶ್ನೆಗೆ ಮೊದಲ ಉತ್ತರ ಇದು.

ಹಾಗಾದರೆ 75 ಗ್ರಾಂ ಪ್ರೋಟೀನ್ ಇದ್ದರೂ ಕೊರತೆ ಎಲ್ಲಿ? ಪ್ರೋಟೀನ್ ಅನ್ನುವುದು ಒಂದೇ ಪದಾರ್ಥ ಅಲ್ಲ. ಅದು ಅಮೈನೋ ಆಮ್ಲಗಳ ಸರ. ಅವುಗಳಲ್ಲಿ ಒಂಬತ್ತನ್ನು ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಆ ಒಂಬತ್ತರಲ್ಲಿ ಯಾವುದು ಅತಿ ಕಡಿಮೆ ಇದೆಯೋ ಅದು ಎಷ್ಟು ಇದೆಯೋ ಅಷ್ಟರ ಮಟ್ಟಿಗೆ ಮಾತ್ರ ದೇಹ ಹೊಸ ಪ್ರೋಟೀನ್ ಕಟ್ಟಿಕೊಳ್ಳುತ್ತದೆ. ಉಳಿದದ್ದು ಸುಮ್ನೆ ಶಕ್ತಿಗಾಗಿ ಸುಟ್ಟುಹೋಗುತ್ತದೆ. ಧಾನ್ಯಗಳಲ್ಲಿ ಹೀಗೆ ಕಡಿಮೆ ಬೀಳುವುದು ಲೈಸಿನ್. ಜೋಳದಲ್ಲಂತೂ ಬಹಳ ಕಡಿಮೆ. 100 ಗ್ರಾಂ ಜೋಳದಲ್ಲಿ ಸುಮಾರು 0.23 ಗ್ರಾಂ ಮಾತ್ರ. ಅದೇ 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 1.5 ಗ್ರಾಂ, ಕಡಲೆಬೇಳೆಯಲ್ಲಿ 1.4. ಬೇಳೆಯಲ್ಲಿ ಕಡಿಮೆ ಇರುವ ಮೆಥಿಯೋನಿನ್ ಜೋಳದಲ್ಲಿ ಸಾಕಷ್ಟಿದೆ. ರೊಟ್ಟಿಯ ಜೊತೆ ಬೇಳೆ ಪಲ್ಯ ತಿನ್ನುವ ನಮ್ಮ ಕಡೆಯ ರೂಢಿ ಪೋಷಣೆಯ ದೃಷ್ಟಿಯಿಂದ ಪೂರ್ತಿ ಸರಿ.

ಈ ವಯಸ್ಸಿನವರಿಗೆ ಒಂದು ಗ್ರಾಂ ಪ್ರೋಟೀನಿಗೆ 47 ಮಿಲಿಗ್ರಾಂ ಲೈಸಿನ್ ಇರಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿಯ ಅಳತೆ. 46 ಗ್ರಾಂಗೆ ಲೆಕ್ಕ ಹಾಕಿದರೆ ದಿನಕ್ಕೆ 2.2 ಗ್ರಾಂ. ಹದಿಮೂರು ರೊಟ್ಟಿಯಲ್ಲಿ ಬರುವುದು 1.7 ಗ್ರಾಂ. ಕೊರತೆ ಈಗ ಕಾಣಿಸಿತು. ಹಾಗಾಗಿ ಈ ಸಾಲು ಸೇರಿಸಬೇಕು:

```
0.23J + 0.29R + 1.5T + 1.4C + 0.8G >= 2.2
```

ಈಗ ಉತ್ತರ ಬದಲಾಗುತ್ತದೆ: ಜೋಳ 708 ಗ್ರಾಂ, ಕಡಲೆಬೇಳೆ 41 ಗ್ರಾಂ, ಖರ್ಚು 32 ರೂಪಾಯಿ. ಎರಡು ರೂಪಾಯಿ ಹೆಚ್ಚು ಕೊಟ್ಟರೆ ಬೇಳೆ ತಟ್ಟೆಗೆ ಬಂತು.

ಆದರೆ ಇಲ್ಲಿಗೇ ನಿಲ್ಲಿಸಿದರೆ ಜೋಳಕ್ಕೆ ಅದರ ಯೋಗ್ಯತೆಗಿಂತ ಜಾಸ್ತಿ ಅಂಕ ಕೊಟ್ಟಂತಾಗುತ್ತದೆ. ಪುಸ್ತಕದ ಕೋಷ್ಟಕದಲ್ಲಿರುವುದು ಪದಾರ್ಥದೊಳಗಿನ ಲೈಸಿನ್. ಅದೆಲ್ಲವೂ ಜೀರ್ಣವಾಗಿ ರಕ್ತಕ್ಕೆ ಸೇರುವುದಿಲ್ಲ. ಜೋಳದ ಮುಖ್ಯ ಪ್ರೋಟೀನಿಗೆ ಕಫಿರಿನ್ ಅಂತ ಹೆಸರು. ಒದ್ದೆ ಹಿಟ್ಟು ಬೇಯುವಾಗ ಅದು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಳ್ಳುತ್ತದೆ, ಜೀರ್ಣರಸಕ್ಕೆ ಸುಲಭವಾಗಿ ಸಿಗುವುದಿಲ್ಲ. ಬೆಂದ ಜೋಳದ ಪ್ರೋಟೀನ್ ಅಕ್ಕಿ, ಗೋಧಿಗಿಂತ ಕಡಿಮೆ ಜೀರ್ಣವಾಗಲು ಇದೇ ಕಾರಣ. ಆದ್ದರಿಂದ ಜೋಳದ ಲೈಸಿನ್‌ನಲ್ಲಿ ಕಾಲು ಭಾಗ, ಬೇಳೆಯದರಲ್ಲಿ ಐದನೇ ಒಂದು ಭಾಗ, ಅಕ್ಕಿ ಮತ್ತು ಶೇಂಗಾದ್ದರಲ್ಲಿ ಶೇ. 15 ನಷ್ಟ ಅಂತ ಹಿಡಿದು ಲೆಕ್ಕವನ್ನು ಮತ್ತೆ ಮಾಡಿದೆ. ಇವು ನಾನು ಹಿಡಿದ ಅಂದಾಜು. ಪೋಷಣಾ ತಜ್ಞರು ಇದಕ್ಕಿಂತ ಒಳ್ಳೆಯ ಅಂಕಿ ಕೊಟ್ಟರೆ ಅದನ್ನೇ ಹಾಕಬೇಕು.

ಉತ್ತರ ಹೀಗೆ ಬಂತು: ಜೋಳ 654 ಗ್ರಾಂ, ಕಡಲೆಬೇಳೆ 96 ಗ್ರಾಂ, ಖರ್ಚು 34 ರೂಪಾಯಿ 78 ಪೈಸೆ. ಬೇಳೆ 41ರಿಂದ 96ಕ್ಕೆ ಹಾರಿತು, ಖರ್ಚು ಏರಿದ್ದು ಮೂರು ರೂಪಾಯಿಗಿಂತ ಕಡಿಮೆ. ಈ ಇಡೀ ಲೆಕ್ಕದಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ಇದು. ಜೀರ್ಣವಾಗುವುದನ್ನು ಎಣಿಸಿದಿರೋ ಬಿಟ್ಟಿರೋ ಅನ್ನುವ ಒಂದೇ ವಿಷಯದ ಮೇಲೆ ಬೇಳೆಯ ಪ್ರಮಾಣ ಎರಡು ಪಟ್ಟು ಬದಲಾಗುತ್ತದೆ. ಆದರೆ ಬಜೆಟ್ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಬೇಳೆ ಬಂದಷ್ಟು ಜೋಳ ಕಡಿಮೆಯಾಗುತ್ತದೆ ಅಲ್ವಾ, ಅದಕ್ಕೆ.

ಈಗ ನಿಮಗೆ ನೇರವಾಗಿ ಉಪಯೋಗಕ್ಕೆ ಬರುವ ಒಂದು ಮಾತು. ಲೀನಿಯರ್ ಪ್ರೋಗ್ರಾಮಿಂಗ್ ಉತ್ತರದ ಜೊತೆಗೆ ಪ್ರತಿ ಗುರಿಗೂ ಒಂದು ಬೆಲೆ ಹೇಳುತ್ತದೆ. ಅದಕ್ಕೆ ನೆರಳು ಬೆಲೆ ಅನ್ನುತ್ತೇವೆ. ಗುರಿಯನ್ನು ಸ್ವಲ್ಪ ಏರಿಸಿದರೆ ಖರ್ಚು ಎಷ್ಟು ಏರುತ್ತದೆ ಅನ್ನುವುದೇ ಆ ಬೆಲೆ. ಮೇಲಿನ ಲೆಕ್ಕದಲ್ಲಿ 100 ಕ್ಯಾಲರಿಯ ನೆರಳು ಬೆಲೆ 92 ಪೈಸೆ. ಲೈಸಿನ್ ಗುರಿಯನ್ನು 0.1 ಗ್ರಾಂ ಏರಿಸಿದರೆ 53 ಪೈಸೆ. ಪ್ರೋಟೀನ್ ಸಾಲಿನ ನೆರಳು ಬೆಲೆ ಸೊನ್ನೆ. ಲೆಕ್ಕ ಸರಿ ಇದೆಯೇ ಅಂತ ಪರೀಕ್ಷಿಸುವುದಕ್ಕೂ ಇದೇ ದಾರಿ. 2500 ಕ್ಯಾಲರಿಗೆ ಆ ದರದಲ್ಲಿ 23.06 ರೂಪಾಯಿ, 2.2 ಗ್ರಾಂ ಲೈಸಿನ್‌ಗೆ 11.72 ರೂಪಾಯಿ. ಕೂಡಿಸಿದರೆ 34.78. ಖರ್ಚೂ ಅದೇ ತಾನೇ? ಆ ದರದಲ್ಲಿ ಯಾವ ಪದಾರ್ಥದ ಪೋಷಕಾಂಶಗಳ ಮೌಲ್ಯವೂ ಅದರ ಬೆಲೆಯನ್ನು ಮೀರದೆ, ಎರಡು ಕಡೆಯಿಂದ ಬಂದ ಮೊತ್ತವೂ ಒಂದೇ ಆದರೆ ಇದಕ್ಕಿಂತ ಅಗ್ಗದ ಉತ್ತರ ಇಲ್ಲ ಅಂತ ಖಚಿತ. ಪೋಷಣೆಯ ಗುಣಮಟ್ಟ ಏರಿಸಿದರೆ ಬಜೆಟ್ ತಾಳುವುದಿಲ್ಲ ಅಂತ ಯಾರಾದರೂ ಸಭೆಯಲ್ಲಿ ಹೇಳಿದರೆ, ಎಷ್ಟು ಏರಿಸಿದರೆ ಎಷ್ಟು ಪೈಸೆ ಅಂತ ಅಲ್ಲೇ ಉತ್ತರ ಕೊಡಬಹುದು.

ತೊಗರಿ ಎಲ್ಲಿ ಹೋಯಿತು ಅಂತ ಕಲಬುರಗಿಯವರು ಕೇಳೇ ಕೇಳುತ್ತೀರಿ. ತೊಗರಿ ಕಣಜ ಅನ್ನಿಸಿಕೊಂಡ ಜಿಲ್ಲೆ ನಮ್ಮದು. ನಮ್ಮ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಆದರೂ ಕಿಲೋಗೆ 130 ಇರುವಾಗ ಲೆಕ್ಕ ಅದನ್ನು ಆರಿಸುವುದಿಲ್ಲ. ಕಡಲೆಬೇಳೆ 90 ಇರುವಾಗ ತೊಗರಿಬೇಳೆ 94ಕ್ಕೆ ಇಳಿದರೆ ಮಾತ್ರ ಉತ್ತರದೊಳಗೆ ಬರುತ್ತದೆ. ಆ 94ರ ಅರ್ಥ ಏನು ನೋಡಿ. 2025–26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8000 ರೂಪಾಯಿ. ಒಂದು ಕ್ವಿಂಟಲ್ ತೊಗರಿ ಒಡೆಸಿದರೆ ಬೇಳೆ ಬರುವುದು 70–75 ಕಿಲೋ. ಅಂದರೆ ಮಿಲ್ಲಿನ ಖರ್ಚು ಸೇರಿಸದೆಯೇ ಬೇಳೆ 110 ರೂಪಾಯಿ ಆಸುಪಾಸು ಬೀಳುತ್ತದೆ. 94ಕ್ಕೆ ಬೇಳೆ ಸಿಗಬೇಕಾದರೆ ರೈತನಿಗೆ ಬೆಂಬಲ ಬೆಲೆಗಿಂತ ಬಹಳ ಕಡಿಮೆ ಸಿಕ್ಕಿರಬೇಕು. ಹಾಗೆ ಆಗಲಿ ಅಂತ ಈ ಜಿಲ್ಲೆಯಲ್ಲಿ ಯಾರೂ ಬಯಸುವುದಿಲ್ಲ. ಆದ್ದರಿಂದ ಹಾಸ್ಟೆಲಿನಲ್ಲಿ ತೊಗರಿಬೇಳೆಯೇ ಇರಲಿ ಅನ್ನುವುದು ನಮ್ಮ ಆಯ್ಕೆ. ಅದಕ್ಕೆ ಎಷ್ಟು ಖರ್ಚು ಅಂತ ತಿಳಿದುಕೊಂಡು, ಬೇರೆ ಸಾಲಾಗಿ ಬರೆದು, ಹಣ ಒದಗಿಸಬೇಕು. ಬೇಳೆಯ ಪ್ರಮಾಣ ಕಡಿತ ಮಾಡಿ ಆ ಖರ್ಚನ್ನು ಸರಿದೂಗಿಸಬಾರದು.

ಸೋಯಾ ತುಂಡು ಸೇರಿಸಿದರೆ ಎರಡೂ ಬೇಳೆ ಹೊರಗೆ ಹೋಗುತ್ತವೆ, ಅದು ಇನ್ನೂ ಅಗ್ಗ. ವಾರಕ್ಕೆ ಒಂದೆರಡು ದಿನ ಅಂತ ಮಿತಿ ಹಾಕಿ ಅದನ್ನೂ ಬಳಸಬಹುದು. ದಿನಾ ಅದನ್ನೇ ಹಾಕಿದರೆ ಹುಡುಗಿಯರು ತಿನ್ನುವುದಿಲ್ಲ.

ಇನ್ನು ಬೆಲೆ ಬದಲಾದಾಗ ಏನಾಗುತ್ತದೆ ಅನ್ನುವುದನ್ನು ಗಮನವಿಟ್ಟು ನೋಡಬೇಕು. ಅಕ್ಕಿ 50 ಇದ್ದಾಗ ಉತ್ತರದಲ್ಲಿ ಅಕ್ಕಿ ಒಂದು ಕಾಳೂ ಇರಲಿಲ್ಲ. ರಿಯಾಯಿತಿ ದರದಲ್ಲಿ 40ಕ್ಕೆ ಸಿಕ್ಕಿತು ಅಂದುಕೊಳ್ಳಿ. ಆಗ ಜೋಳ ಪೂರ್ತಿ ಮಾಯ. ಅಕ್ಕಿ 654 ಗ್ರಾಂ, ಕಡಲೆಬೇಳೆ 53 ಗ್ರಾಂ, ಖರ್ಚು 31 ರೂಪಾಯಿ. ಅಕ್ಕಿಯ ಲೈಸಿನ್ ಜೋಳದ್ದಕ್ಕಿಂತ ಸ್ವಲ್ಪ ಮೇಲು, ಹಾಗಾಗಿ ಬೇಳೆಯೂ ಇಳಿಯಿತು. ಅಕ್ಕಿ 47 ಇದ್ದರೆ ಪೂರ್ತಿ ಜೋಳ, 45 ಇದ್ದರೆ ಪೂರ್ತಿ ಅಕ್ಕಿ. ನಡುವೆ ಎಲ್ಲೂ ನಿಲ್ಲುವುದಿಲ್ಲ. ಇದು ಈ ವಿಧಾನದ ಸ್ವಭಾವ. ಉತ್ತರ ಯಾವಾಗಲೂ ಮೂಲೆಯಲ್ಲಿ ಸಿಗುತ್ತದೆ. ಗುರಿಯನ್ನು ಸರಿಯಾಗಿ ಮುಟ್ಟಿ ನಿಲ್ಲುವ ಬಿಗಿಯಾದ ಸಾಲು ಎರಡಿದ್ದರೆ ತಟ್ಟೆಯಲ್ಲಿ ಪದಾರ್ಥವೂ ಎರಡೇ.

ಅದಕ್ಕೇ ಮಿತಿಗಳು ಬೇಕು. ಯಾವ ಪದಾರ್ಥ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಅನ್ನುವುದನ್ನು ತಿನ್ನುವವರು ಮತ್ತು ಅಡುಗೆ ಮಾಡುವವರು ಕೂತು ಹೇಳಬೇಕು. ಗಣಿತದವನು ಅದನ್ನು ಹೇಳಲಾರ. ನಾನು ವಿದ್ಯಾರ್ಥಿನಿಯರನ್ನು ಕೇಳಿ ಹೀಗೆ ಹಾಕಿದೆ, ಮೊದಲ ನಾಲ್ಕರ ಪ್ರಮಾಣ ಅಷ್ಟಕ್ಕೇ ನಿಗದಿ. ಜೋಳ 300 ಗ್ರಾಂ, ಅಂದರೆ ಐದಾರು ರೊಟ್ಟಿ. ಅಕ್ಕಿ 150 ಗ್ರಾಂ. ತರಕಾರಿ, ಸೊಪ್ಪು ಸೇರಿ 300 ಗ್ರಾಂ, ಪುಂಡಿ ಪಲ್ಯ ಮಾಡುವ ದಿನ ಪುಂಡಿಯೂ ಅದರಲ್ಲೇ. ಹಾಲು 200 ಮಿಲಿ. ಎಣ್ಣೆ 35 ಗ್ರಾಂ ಮೀರಬಾರದು. ಶೇಂಗಾ 40 ಗ್ರಾಂ ಮೀರಬಾರದು, ಹಿಂಡಿ ಮಾಡಿದರೂ ಉಸುಳಿಗೆ ಹಾಕಿದರೂ ಅಷ್ಟೇ ಖರ್ಚಾಗುವುದು. ತರಕಾರಿಗೆ ಕಿಲೋಗೆ 30, ಹಾಲಿಗೆ ಲೀಟರಿಗೆ 50 ರೂಪಾಯಿ ಹಿಡಿದಿದ್ದೇನೆ.

ಹೀಗೆ ಮಾಡಿದರೆ ಎಣ್ಣೆ, ಶೇಂಗಾ ಎರಡೂ ತಮ್ಮ ಮಿತಿ ಮುಟ್ಟುತ್ತವೆ. ಉಳಿದ ಶಕ್ತಿಯನ್ನು ತುಂಬಲು 62 ಗ್ರಾಂ ಕಡಲೆಬೇಳೆ ಬರುತ್ತದೆ. ಖರ್ಚು ಹೀಗಿದೆ: ಜೋಳ 12 ರೂಪಾಯಿ, ಅಕ್ಕಿ 7.50, ಎಣ್ಣೆ 5.25, ಶೇಂಗಾ 5.60, ಬೇಳೆ 5.60, ತರಕಾರಿ 9, ಹಾಲು 10. ಒಟ್ಟು 55 ರೂಪಾಯಿ. ಮಸಾಲೆ, ಗ್ಯಾಸು, ಕೂಲಿ ಇದರಲ್ಲಿ ಇಲ್ಲ. ಜೀರ್ಣವಾಗುವ ಲೈಸಿನ್ 2.3 ಗ್ರಾಂ, ಗುರಿ ದಾಟಿದೆ. ಕಡಲೆಬೇಳೆಯ ಜಾಗಕ್ಕೆ ಪೂರ್ತಿ ತೊಗರಿಬೇಳೆ ಹಾಕಿದರೆ ಒಬ್ಬಳಿಗೆ ದಿನಕ್ಕೆ 2 ರೂಪಾಯಿ 45 ಪೈಸೆ ಹೆಚ್ಚು. ನೂರು ಜನರ ಹಾಸ್ಟೆಲಿಗೆ ದಿನಕ್ಕೆ 245 ರೂಪಾಯಿ. ಈ ಜಿಲ್ಲೆಯ ಬೆಳೆಯನ್ನು ಈ ಜಿಲ್ಲೆಯ ಮಕ್ಕಳಿಗೆ ಉಣಿಸಲು ಇಷ್ಟು ಕೊಡಬಹುದು ಅಂತ ನನ್ನ ಅಭಿಪ್ರಾಯ. ನಿರ್ಧಾರ ನಿಮ್ಮದು.

35 ರೂಪಾಯಿಯಿಂದ 55ಕ್ಕೆ ಏರಿದ್ದು ಯಾಕೆ ಅಂತ ಹಣಕಾಸಿನವರು ಕೇಳುತ್ತಾರೆ. ಏರಿದ 20 ರೂಪಾಯಿಯಲ್ಲಿ 19 ತರಕಾರಿ ಮತ್ತು ಹಾಲಿನದು. ಅವು ಲೈಸಿನ್, ಕ್ಯಾಲರಿಗಾಗಿ ಬಂದವಲ್ಲ. ಕ್ಯಾಲ್ಸಿಯಂ, ವಿಟಮಿನ್‌ಗಳಿಗೆ ನಾನು ಸಾಲು ಬರೆದಿಲ್ಲ, ಬದಲಿಗೆ ತರಕಾರಿ ಮತ್ತು ಹಾಲನ್ನು ನೇರವಾಗಿ ಇಟ್ಟಿದ್ದೇನೆ. ಪೂರ್ತಿ ಲೆಕ್ಕದಲ್ಲಿ ಆ ಸಾಲುಗಳನ್ನೂ ಬರೆಯಬೇಕು. ಕಬ್ಬಿಣದ ಸಾಲನ್ನಂತೂ ಬಿಡಲೇಬಾರದು. ಈ ವಯಸ್ಸಿನ ಹುಡುಗಿಯರಿಗೆ ಕಬ್ಬಿಣ ಹುಡುಗರಿಗಿಂತ ಹೆಚ್ಚು ಬೇಕು, ಮತ್ತು ಧಾನ್ಯದಲ್ಲಿರುವ ಕಬ್ಬಿಣ ದೇಹಕ್ಕೆ ಸೇರುವುದು ಬಹಳ ಕಡಿಮೆ.

ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ನಿಂತು ನೋಡಿದ್ದನ್ನು ಇಲ್ಲಿ ಹೇಳಲೇಬೇಕು. ಹೆಸರು ಬೇಡ. ನೂರು ಜನರ ಸಾರಿಗೆ ಅಡುಗೆಯ ಅಕ್ಕ ಮೂರು ಕಿಲೋ ಬೇಳೆ ತೂಗಿ ಹಾಕಿದರು. ಬೆಂದ ಬೇಳೆ ತಳಕ್ಕೆ ಕೂರುತ್ತದೆ. ಹೀಗಾಗಿ ಮೊದಲು ಬಂದವರ ತಟ್ಟೆಗೆ ಬರೀ ಮೇಲಿನ ತಿಳಿ ಬಿತ್ತು. ಅವರು ಪ್ರತಿ ಸಲ ಸೌಟನ್ನು ತಳಕ್ಕೆ ಮುಟ್ಟಿಸಿ ತಿರುವಿ ಬಡಿಸಲು ಪ್ರಯತ್ನಿಸುತ್ತಿದ್ದರು. ಆದರೆ ಅಷ್ಟು ದೊಡ್ಡ ಪಾತ್ರೆಯಲ್ಲಿ ಅದು ಎಲ್ಲ ಸಲ ಆಗುವ ಕೆಲಸವಲ್ಲ. ಅವರ ತಪ್ಪೇನೂ ಇಲ್ಲ, ಕೊಟ್ಟದ್ದೇ ತಲೆಗೆ 30 ಗ್ರಾಂ.

ಆ 30 ಗ್ರಾಂ ಅನ್ನು ಲೆಕ್ಕಕ್ಕೆ ಹಾಕಿ ನೋಡಿ. ಮೇಲಿನ ಎಲ್ಲ ಮಿತಿಗಳೂ ಹಾಗೇ ಇರಲಿ, ಬೇಳೆ 30 ಗ್ರಾಂ ಮೀರಬಾರದು, ಶೇಂಗಾ ಇಲ್ಲ ಅಂತ ಬರೆಯಿರಿ. ಲೆಕ್ಕ ಬಿಡಿಸುವ ಸಾಧನವಾದ ಸಾಲ್ವರ್ "ಉತ್ತರ ಇಲ್ಲ" ಅನ್ನುತ್ತದೆ. ಜೋಳ, ಅಕ್ಕಿ, ಎಣ್ಣೆ, ತರಕಾರಿ, ಹಾಲು, ಬೇಳೆ ಎಲ್ಲ ಕೂಡಿಸಿದರೂ 2190 ಕ್ಯಾಲರಿಯ ಹತ್ತಿರ ನಿಲ್ಲುತ್ತದೆ. 300ಕ್ಕೂ ಹೆಚ್ಚು ಕ್ಯಾಲರಿ ಕೊರತೆ. ಬಹಳ ಜನ ಈ "ಉತ್ತರ ಇಲ್ಲ" ಬಂದಾಗ ಫೈಲ್ ಮುಚ್ಚಿ ಹಳೆಯ ಪಟ್ಟಿಗೆ ಹೋಗುತ್ತಾರೆ. ಹಾಗೆ ಮಾಡಬೇಡಿ. ಹಾಕಿದ ಪ್ರಮಾಣಗಳೂ ಗುರಿಯೂ ಒಟ್ಟಿಗೆ ಈಡೇರುವುದೇ ಇಲ್ಲ ಅಂತ ಅದು ಸ್ಪಷ್ಟವಾಗಿ ಹೇಳುತ್ತಿದೆ. ಒಂದೊಂದೇ ಮಿತಿ ಸಡಿಲಿಸಿ ನೋಡಿದರೆ ಎಲ್ಲಿ ಬಿಗಿಯಾಗಿದೆ ಅಂತ ಗೊತ್ತಾಗುತ್ತದೆ.

ಲೆಕ್ಕ ದಾರಿ ತಪ್ಪುವ ಎರಡು ಜಾಗಗಳನ್ನೂ ಹೇಳುತ್ತೇನೆ. ಹೈದರಾಬಾದಿನ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಲ್ಲಿ ಶಕ್ತಿಯನ್ನು ಕಿಲೋಜೂಲ್‌ನಲ್ಲಿ ಕೊಟ್ಟಿದ್ದಾರೆ. ಜೋಳಕ್ಕೆ 1398 ಅಂತ ಇರುತ್ತದೆ. ಅದನ್ನು 4.184ರಿಂದ ಭಾಗಿಸಿದರೆ 334 ಕಿಲೋಕ್ಯಾಲರಿ. ಭಾಗಿಸದೆ ಹಾಗೇ ಹಾಕಿದರೆ ದಿನಕ್ಕೆ 179 ಗ್ರಾಂ ಜೋಳ ಸಾಕು ಅಂತ ಶಕ್ತಿಯ ಸಾಲು ಹೇಳಿಬಿಡುತ್ತದೆ. ಒಬ್ಬ ಮನುಷ್ಯನ ಇಡೀ ದಿನದ ಶಕ್ತಿಗೆ ಅರ್ಧ ಕಿಲೋಗಿಂತ ಬಹಳ ಕಡಿಮೆ ಒಣ ಪದಾರ್ಥ ಸಾಕು ಅಂತ ಬಂದರೆ ಮೊದಲು ಇದನ್ನೇ ನೋಡಿ. ಇನ್ನೊಂದು, ಹಸಿ ತೂಕ ಮತ್ತು ಬೆಂದ ತೂಕ ಕಲಸುವುದು. ಅನ್ನದ ಅಂಕಿಯನ್ನು ಅಕ್ಕಿಯ ಬೆಲೆಯ ಮುಂದೆ ಬರೆದರೆ ಅಕ್ಕಿ ಎಂದೂ ಆಯ್ಕೆಯಾಗುವುದಿಲ್ಲ.

ಇಂಥ ತಪ್ಪು ದೊಡ್ಡವರಿಗೂ ಆಗಿದೆ. ಡಾಂಟ್ಜಿಗ್ ತಮ್ಮ ಸ್ವಂತ ಊಟವನ್ನೇ ಕಂಪ್ಯೂಟರಿಗೆ ಕೊಟ್ಟಾಗ ಅದು ದಿನಕ್ಕೆ 500 ಗ್ಯಾಲನ್ ವಿನೆಗರ್ ಅಂತ ಹೇಳಿತಂತೆ. ನೀರಿನ ಅಂಶ ಬಿಟ್ಟು ಉಳಿಯುವ ತೂಕ ಹೆಚ್ಚಿರಲಿ ಅಂತ ಅವರು ಕೇಳಿದ್ದರು. ಕೋಷ್ಟಕದಲ್ಲಿ ವಿನೆಗರಿನ ನೀರಿನ ಅಂಶ ಸೊನ್ನೆ ಅಂತ ಇತ್ತು. ಉತ್ತರ ವಿಚಿತ್ರವಾಗಿ ಬಂದರೆ ವಿಧಾನವನ್ನು ಬಿಡಬೇಕಾಗಿಲ್ಲ, ಕೋಷ್ಟಕವನ್ನು ತಿದ್ದಬೇಕು, ಮಿತಿ ಹಾಕಬೇಕು.

ಇದನ್ನೆಲ್ಲ ಮಾಡಲು ಹೊಸ ಸಾಫ್ಟ್‌ವೇರ್ ಕೊಳ್ಳಬೇಕಾಗಿಲ್ಲ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಉಚಿತ ಸಾಲ್ವರ್ ಇದೆ, ಎಕ್ಸೆಲ್‌ನಲ್ಲೂ ಇದೆ. ಎರಡನೇ ಸಾಲಿನಲ್ಲಿ ಪ್ರಮಾಣ, ಮೂರನೆಯದರಲ್ಲಿ ಬೆಲೆ, ಕೆಳಗೆ ಶಕ್ತಿ, ಪ್ರೋಟೀನ್, ಲೈಸಿನ್. ಪ್ರತಿ ಸಾಲಿನ ಕೊನೆಗೆ ಹೀಗೊಂದು ಸೂತ್ರ:

```
=SUMPRODUCT($B$2:$G$2, B3:G3)
```

ಬೆಲೆಯ ಸಾಲಿನ ಮೊತ್ತವನ್ನು ಕನಿಷ್ಠ ಮಾಡು, ಉಳಿದ ಸಾಲುಗಳು ಗುರಿ ಮುಟ್ಟಲಿ, ಪ್ರಮಾಣ ಸೊನ್ನೆಗಿಂತ ಕೆಳಗೆ ಹೋಗದಿರಲಿ ಅಂತ ಸಾಲ್ವರಿಗೆ ಹೇಳಿದರೆ ಆಯಿತು. ನೆರಳು ಬೆಲೆ ಬೇಕಾದರೆ ಒಂದು ಗುರಿಯನ್ನು ಸ್ವಲ್ಪ ಏರಿಸಿ ಮತ್ತೆ ಓಡಿಸಿ, ಖರ್ಚು ಎಷ್ಟು ಏರಿತು ನೋಡಿ.

ಕೊನೆಗೆ ನನ್ನ ಬೇಡಿಕೆಗಳು. ಊಟದ ಪ್ರಮಾಣ ಪಟ್ಟಿಯನ್ನು ಪರಿಷ್ಕರಿಸುವಾಗ ಪ್ರೋಟೀನ್ ಜೊತೆಗೆ ಜೀರ್ಣವಾಗುವ ಲೈಸಿನ್ ಸಾಲು ಇರಲಿ. ಅದು ಕಷ್ಟ ಅನ್ನಿಸಿದರೆ 16–18 ವರ್ಷದವರಿಗೆ ಬೇಳೆಕಾಳು ದಿನಕ್ಕೆ 60 ಗ್ರಾಂಗಿಂತ, ಶೇಂಗಾ 40 ಗ್ರಾಂಗಿಂತ ಕಡಿಮೆಯಾಗಬಾರದು ಅಂತ ಕನಿಷ್ಠ ಮಿತಿಯನ್ನಾದರೂ ಬರೆಯಿರಿ. ಈ ವಯಸ್ಸಿನ ಹುಡುಗರಿಗೆ 3320 ಕ್ಯಾಲರಿ, 55 ಗ್ರಾಂ ಪ್ರೋಟೀನ್ ಗುರಿ ಇದೆ, ಅವರ ಲೆಕ್ಕವನ್ನು ಬೇರೆಯಾಗಿಯೇ ಮಾಡಬೇಕು. ಹುಡುಗಿಯರ ಪಟ್ಟಿಯನ್ನೇ ಅವರಿಗೆ ಹಾಕಿದರೆ ದಿನಕ್ಕೆ 800 ಕ್ಯಾಲರಿ ಕಡಿಮೆ ಬೀಳುತ್ತದೆ. ಟೆಂಡರ್ ದರ ಬದಲಾದಾಗಲೆಲ್ಲ ಲೆಕ್ಕವನ್ನು ಮತ್ತೆ ಓಡಿಸಿ. ಪದಾರ್ಥ, ದರ, ಮಿತಿ ಎಲ್ಲ ಇರುವ ಆ ಒಂದು ಹಾಳೆಯನ್ನು ಹಾಸ್ಟೆಲಿನ ನೋಟಿಸ್ ಬೋರ್ಡಿಗೆ ಹಚ್ಚಿ, ಮಕ್ಕಳೂ ಓದಲಿ.

ನಾನು ಮತ್ತು ನನ್ನ ವಿದ್ಯಾರ್ಥಿಗಳು ಈ ಹಾಳೆಯನ್ನು ಕನ್ನಡದಲ್ಲಿ ತಯಾರಿಸಿ ಇಟ್ಟಿದ್ದೇವೆ. ನಿಮ್ಮ ಮುಂದಿನ ದರ ಪಟ್ಟಿ ಕೈಗೆ ಸಿಕ್ಕಿದರೆ ಅದೇ ದಿನ ಅಂಕಿ ತುಂಬಿ ಕೊಡುತ್ತೇವೆ. ವಾರ್ಡನ್‌ಗಳಿಗೆ ಕಲಿಸಲು ಒಂದು ಮಧ್ಯಾಹ್ನ ಸಾಕು. ಯಾವ ದಿನ ಬರಬೇಕು ಅಂತ ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಗಣಿತ ಉಪನ್ಯಾಸಕ, ಕಲಬುರಗಿ